‘ಸ್ವಂತ ಮಾತು’ ಎಂಬ ಸುಳ್ಳು ಭರವಸೆ

ಇತಿಹಾಸದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಲೇಖನ ಬರೆಯಲು ಕೂತವರಿಗೆ ನಮ್ಮ ಕಾಲೇಜುಗಳಲ್ಲೂ ಪತ್ರಿಕಾ ಕಚೇರಿಗಳಲ್ಲೂ ಸಿಗುವ ಸಲಹೆ ಒಂದೇ: ‘ಸ್ವಂತ ಮಾತಿನಲ್ಲಿ ಬರೆಯಿರಿ, ಕೃತಿಚೌರ್ಯ ಆಗುವುದಿಲ್ಲ.’ ಮೇಷ್ಟ್ರು ಹೇಳುತ್ತಾರೆ, ಸಂಶೋಧನೆಯ ಮಾರ್ಗದರ್ಶಕರು ಹೇಳುತ್ತಾರೆ, ಸ್ಮರಣ ಸಂಚಿಕೆಯ ಸಂಪಾದಕರೂ ಹೇಳುತ್ತಾರೆ. ಈ ಸಲಹೆ ತಪ್ಪು ಎಂದು ನಾನು ವಾದಿಸುತ್ತೇನೆ. ಇದನ್ನು ಮುರಿದವರಿಗಿಂತ ಚಾಚೂ ತಪ್ಪದೆ ಪಾಲಿಸಿದವರೇ ಇತಿಹಾಸಕಾರರಿಗೆ ಹೆಚ್ಚು ಅನ್ಯಾಯ ಮಾಡಿದ್ದನ್ನು ನಾನು ಕಂಡಿದ್ದೇನೆ.

ವಿಶಾಖಪಟ್ಟಣದ ಪಕ್ಕದ ಪರವಾಡದ ಕಡೆ ಫಾರ್ಮಾ ಸಿಟಿಯಲ್ಲೋ ವಿದ್ಯುತ್ ಸ್ಥಾವರದಲ್ಲೋ ಕೆಲಸಕ್ಕಿರುವ ಕನ್ನಡದ ಮನೆಗಳಲ್ಲಿ ನವೆಂಬರ್ ಹತ್ತಿರ ಬಂದರೆ ಒಂದು ವಿಷಯ ತಪ್ಪದೆ ಲೇಖನವಾಗುತ್ತದೆ. ಅದು ಕೃಷ್ಣದೇವರಾಯನ ಕಳಿಂಗ ದಂಡಯಾತ್ರೆ. ಅದಕ್ಕೆ ಕಾರಣವೂ ಇದೆ. ರಾಯ ಬಂದುಹೋದ ಸಿಂಹಾಚಲ ಹತ್ತಿರದಲ್ಲೇ ಇದೆ. ಅವನು ಗೆದ್ದ ಕೊಂಡಪಲ್ಲಿ ಕೋಟೆ ವಿಜಯವಾಡದ ಪಕ್ಕದಲ್ಲಿದೆ. ಇದೇ ದಂಡಯಾತ್ರೆಯ ನಡುವೆ ವಿಜಯವಾಡದಲ್ಲಿ ತಂಗಿದ್ದ ಸಂಗತಿಯನ್ನು ಅವನೇ ‘ಆಮುಕ್ತಮಾಲ್ಯದ’ದ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಹೊರನಾಡಿನ ಕನ್ನಡಿಗನಿಗೆ ತಾನು ನಿಂತ ನೆಲದಲ್ಲೇ ತನ್ನ ಇತಿಹಾಸ ಸಿಕ್ಕಿದಾಗ ಬರೆಯಬೇಕೆನ್ನಿಸುವುದು ಸಹಜ. ಆದರೆ ಇಂಥ ಹಲವು ಲೇಖನಗಳನ್ನು ಒಟ್ಟಿಗೆ ಓದಿದಾಗ, ಬರೆದವರು ಬೇರೆಬೇರೆಯಾದರೂ ಲೇಖನವೊಂದೇ ಅನ್ನಿಸುತ್ತದೆ. ವಾಕ್ಯಗಳು ಬೇರೆ, ಪದಗಳು ಬೇರೆ. ನಡೆ ಮಾತ್ರ ಯಾರೋ ಒಬ್ಬ ಇತಿಹಾಸಕಾರನದು, ಅವನ ಹೆಸರು ಎಲ್ಲೂ ಇರುವುದಿಲ್ಲ.

ಒಂದು ಪ್ಯಾರಾ ಇಟ್ಟುಕೊಂಡೇ ನೋಡೋಣ. ಇದು ಯಾವ ಪುಸ್ತಕದಿಂದಲೂ ಎತ್ತಿದ್ದಲ್ಲ; ಇತಿಹಾಸಕಾರರೊಬ್ಬರು ಬರೆಯಬಹುದಾದ ರೀತಿಯಲ್ಲಿ ಈ ಚರ್ಚೆಗೆಂದು ನಾನೇ ಕಟ್ಟಿದ್ದು:

‘1516ರಲ್ಲಿ ಸಿಂಹಾಚಲಕ್ಕೆ ಬಂದ ಕೃಷ್ಣದೇವರಾಯನು ಗಜಪತಿಯ ನಾಡಿನ ದೇವರಿಗೆ ಮುತ್ತಿನ ಹಾರವನ್ನೂ ಒಡವೆಗಳನ್ನೂ ಒಪ್ಪಿಸಿದನು. ಗೆದ್ದ ಅರಸನು ಸೋತವನ ದೇವಾಲಯವನ್ನು ಸೂರೆ ಮಾಡದೆ ಅಲ್ಲಿ ದಾನಶಾಸನ ಬರೆಸಿದ್ದು ಬರಿಯ ಭಕ್ತಿಯಿಂದಲ್ಲ. ಆ ನೆಲದ ಒಡೆತನವನ್ನು ದೇವರ ಮುಂದೆ ಸಾರುವ ಕ್ರಮವೂ ಅದಾಗಿರಬಹುದು. ಸಂಧಿಯಾದ ಮೇಲೆ ಕೃಷ್ಣಾ ನದಿಯ ಉತ್ತರದ ನೆಲವನ್ನು ಅವನು ಗಜಪತಿಗೆ ಹಿಂತಿರುಗಿಸಿದ್ದನ್ನು ನೋಡಿದರೆ, ಒಡೆತನವನ್ನು ಉಳಿಸಿಕೊಳ್ಳುವುದಕ್ಕಿಂತ ಒಮ್ಮೆ ಸಾರಿ ತೋರಿಸುವುದೇ ಅವನಿಗೆ ಮುಖ್ಯವಾಗಿತ್ತೆಂದು ತೋರುತ್ತದೆ.’

ಈಗ ‘ಸ್ವಂತ ಮಾತಿನಲ್ಲಿ ಬರೆಯಿರಿ’ ಎಂಬ ಸಲಹೆಯನ್ನು ಶ್ರದ್ಧೆಯಿಂದ ಪಾಲಿಸುವ ವಿದ್ಯಾರ್ಥಿ ಬರೆಯುವುದು ಹೀಗೆ:

‘ಕ್ರಿ.ಶ. 1516ರಲ್ಲಿ ಸಿಂಹಾದ್ರಿಗೆ ಆಗಮಿಸಿದ ವಿಜಯನಗರದ ದೊರೆಯು ಗಜಪತಿ ರಾಜ್ಯದ ದೈವಕ್ಕೆ ಮೌಕ್ತಿಕ ಮಾಲೆ ಹಾಗೂ ಆಭರಣಗಳನ್ನು ಸಮರ್ಪಿಸಿದನು. ವಿಜೇತನು ಪರಾಜಿತನ ಗುಡಿಯನ್ನು ಲೂಟಿ ಮಾಡದೆ ಅಲ್ಲಿ ದತ್ತಿ ಶಾಸನ ಹಾಕಿಸಿದ್ದು ಕೇವಲ ದೈವಶ್ರದ್ಧೆಯಿಂದಲ್ಲ. ಆ ಪ್ರದೇಶದ ಅಧಿಪತ್ಯವನ್ನು ದೈವಸನ್ನಿಧಿಯಲ್ಲಿ ಘೋಷಿಸುವ ವಿಧಾನ ಅದು. ಒಪ್ಪಂದದ ನಂತರ ಕೃಷ್ಣೆಯ ಉತ್ತರ ಭಾಗವನ್ನು ಮರಳಿಸಿದ್ದರಿಂದ, ಅಧಿಪತ್ಯದ ರಕ್ಷಣೆಗಿಂತ ಅದರ ಪ್ರದರ್ಶನವೇ ಅವನ ಗುರಿಯಾಗಿತ್ತು.’

‘ಒಂದು ಪದವೂ ಹಾಗೇ ಇಲ್ಲ ನೋಡಿ ಸರ್’ ಎಂದು ಇಂಥ ಹುಡುಗ ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ. ಹೆಸರು, ಇಸವಿ ಬಿಟ್ಟರೆ ಬಹುತೇಕ ಎಲ್ಲ ಪದವೂ ಬದಲಾಗಿದೆ. ಆದರೂ ಇದು ಕೃತಿಚೌರ್ಯವೇ. ಮೂಲದಲ್ಲಿ ನಾಲ್ಕು ವಾಕ್ಯಗಳಿದ್ದವು, ಇಲ್ಲೂ ನಾಲ್ಕೇ ಇವೆ. ದಾನ, ಅದರ ಅರ್ಥ, ಸಂಧಿಯಿಂದ ಆ ಅರ್ಥಕ್ಕೆ ಸಿಗುವ ಬೆಂಬಲ ಎಂಬ ಜೋಡಣೆಯೂ ಅದೇ. ‘ಸೂರೆ ಮಾಡದೆ’ ಎಂಬ ಹೋಲಿಕೆಯನ್ನು ತಂದವರು ಆ ಇತಿಹಾಸಕಾರರು, ಶಾಸನದಲ್ಲಿ ಅದಿಲ್ಲ. ದಾನಕ್ಕೂ ಸಂಧಿಗೂ ಗಂಟು ಹಾಕಿದವರೂ ಅವರೇ. ಕೆಲವು ವರ್ಷಗಳ ಅಂತರದ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಅವುಗಳಿಂದ ಒಂದು ಅರ್ಥ ಹೊರಡಿಸುವುದೇ ಇತಿಹಾಸಕಾರರ ಕೆಲಸ, ಅವರ ದುಡಿಮೆಯೆಲ್ಲ ಅಲ್ಲೇ ಇರುವುದು. ವಿದ್ಯಾರ್ಥಿ ಆ ದುಡಿಮೆಯನ್ನು ಇಡಿಯಾಗಿ ತನ್ನದಾಗಿಸಿಕೊಂಡು, ಅದರ ಮೇಲಿನ ಪದಗಳನ್ನಷ್ಟೇ ಬಿಟ್ಟಿದ್ದಾನೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆದಿದೆ. ಮೂಲದಲ್ಲಿ ‘ಆಗಿರಬಹುದು’ ಎಂದಿತ್ತು, ಕೊನೆಯಲ್ಲಿ ‘ತೋರುತ್ತದೆ’ ಎಂದಿತ್ತು. ನಕಲಿನಲ್ಲಿ ಎರಡೂ ಮಾಯವಾಗಿವೆ. ಇತಿಹಾಸಕಾರರು ಊಹೆಯೆಂದು ಎಚ್ಚರದಿಂದ ಹೇಳಿದ್ದು ಈಗ ನಡೆದ ಸಂಗತಿಯಾಗಿ ಕೂತಿದೆ. ಪದ ಬದಲಿಸುವ ಗಡಿಬಿಡಿಯಲ್ಲಿ ಮೊದಲು ಉದುರುವುದು ಈ ಸಣ್ಣ ಕ್ರಿಯಾಪದಗಳೇ, ಯಾಕೆಂದರೆ ಅವುಗಳಿಗೆ ನಿಘಂಟಿನಲ್ಲಿ ಬದಲಿ ಪದ ಹುಡುಕುವುದು ಯಾರಿಗೂ ಹೊಳೆಯುವುದಿಲ್ಲ. ಬದಲಾಗಬಾರದ ಪದಗಳೂ ಬದಲಾಗಿವೆ. ದತ್ತಿ ಎಂದರೆ ಓದುಗ ಭೂಮಿಯನ್ನೋ ಗ್ರಾಮದ ಆದಾಯವನ್ನೋ ಬಿಟ್ಟುಕೊಟ್ಟದ್ದೆಂದು ತಿಳಿಯುತ್ತಾನೆ. ಇಲ್ಲಿ ಮಾತಾಡುತ್ತಿರುವುದು ಒಡವೆಯ ಬಗ್ಗೆ. ಸಿಂಹಾಚಲವನ್ನು ಸಿಂಹಾದ್ರಿ ಎನ್ನುವುದು ತಪ್ಪಲ್ಲ, ಆದರೆ ಪರವಾಡದ ಮಕ್ಕಳಿಗೆ ಸಿಂಹಾದ್ರಿ ಎಂದರೆ ಮೊದಲು ನೆನಪಾಗುವುದು ಎನ್‌ಟಿಪಿಸಿಯ ಸ್ಥಾವರ. ಸ್ಥಳದ ಹೆಸರು, ಹುದ್ದೆಯ ಹೆಸರು, ಶಾಸನಶಾಸ್ತ್ರದ ಪಾರಿಭಾಷಿಕ ಪದ, ಇವು ಯಾರ ಸ್ವಂತವೂ ಅಲ್ಲ. ಇವನ್ನು ಹಾಗೇ ಉಳಿಸಿದರೆ ಯಾರೂ ನಕಲು ಎನ್ನುವುದಿಲ್ಲ.

ಈ ಸಲಹೆಯನ್ನು ಸಮರ್ಥಿಸುವವರು ಸಾಮಾನ್ಯವಾಗಿ ಎತ್ತುವ ಮೊದಲ ವಾದ, ‘ಇತಿಹಾಸ ಎಂದರೆ ನಡೆದ ಸಂಗತಿ, ಸಂಗತಿಗೆ ಒಡೆಯನಿಲ್ಲ’ ಎಂಬುದು. ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದ ಎಂದು ಬರೆಯಲು ಯಾರ ಹೆಸರೂ ಬೇಕಿಲ್ಲ, ನಿಜ. ಯಾವ ಪುಸ್ತಕ ತೆರೆದರೂ ಅದು ಸಿಗುತ್ತದೆ, ಅದರ ಬಗ್ಗೆ ತಕರಾರೂ ಇಲ್ಲ. ಆದರೆ ಸಿಂಹಾಚಲದಲ್ಲಿ ರಾಯ ಕೊಟ್ಟ ಹಾರದಲ್ಲಿ 991 ಮುತ್ತುಗಳಿದ್ದವು ಎಂಬುದನ್ನು ತೆಗೆದುಕೊಳ್ಳಿ. ಇದೂ ಸಂಗತಿಯೇ. ಆದರೆ ಇದು ನಮ್ಮ ಕೈಗೆ ಬರಬೇಕಾದರೆ ಯಾರೋ ಆ ದೇವಾಲಯದ ಕಲ್ಲಿನ ಮುಂದೆ ನಿಂತು ಪಡಿಯಚ್ಚು ತೆಗೆದಿರಬೇಕು, ಸವೆದ ಅಕ್ಷರಗಳನ್ನು ಓದಿ ಬಿಡಿಸಿರಬೇಕು. ಸಿಂಹಾಚಲದ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಮಾಲೆಯ 6ನೇ ಸಂಪುಟದಲ್ಲಿ ಅಚ್ಚಾಗಿರುವುದರ ಹಿಂದೆ ಆ ದುಡಿಮೆಯಿದೆ. ಆ ಸಂಪುಟವನ್ನು ನೋಡಿ ಬರೆದರೆ ಸಂಪುಟದ ಹೆಸರು ಹೇಳಬೇಕು. ನೋಡದೆ, ಇತಿಹಾಸಕಾರರೊಬ್ಬರ ಪುಸ್ತಕದಲ್ಲಿ ಓದಿ ಬರೆದರೆ ಆ ಪುಸ್ತಕದ ಹೆಸರು ಹೇಳಬೇಕು. ಇತಿಹಾಸಕಾರರ ಪುಟದಲ್ಲಿ ಓದಿ, ಅಡಿಟಿಪ್ಪಣಿಯಲ್ಲಿ ನೇರವಾಗಿ ಶಾಸನದ ಸಂಖ್ಯೆ ಹಾಕುವುದು ತಾನೇ ಶಾಸನ ಓದಿದೆನೆಂದು ಓದುಗನಿಗೆ ಸುಳ್ಳು ಹೇಳಿದಂತೆ.

ನ್ಯೂನಿಜ್ ವಿಷಯದಲ್ಲಿ ಇದು ನಿತ್ಯ ನಡೆಯುತ್ತದೆ. ಕಳಿಂಗ ಯುದ್ಧದ ಬಗ್ಗೆ ಬರೆಯುವವರೆಲ್ಲ ‘ನ್ಯೂನಿಜ್ ಹೇಳುವಂತೆ’ ಎಂದು ಶುರು ಮಾಡುತ್ತಾರೆ. ಆ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದದ್ದು 1535ರ ಸುಮಾರಿಗೆ, ರಾಯ ತೀರಿಕೊಂಡ ಮೇಲೆ. ಯುದ್ಧದ ಬಗ್ಗೆ ಅವನು ಹೇಳುವುದು ಕೇಳಿದ ಮಾತು. ಅವನ ಬರಹವನ್ನು ಇಂಗ್ಲಿಷಿಗೆ ತಂದು ಓದುಗರ ಮುಂದಿಟ್ಟದ್ದು ರಾಬರ್ಟ್ ಸೀವೆಲ್‌ನ ‘ಎ ಫರ್‌ಗಾಟನ್ ಎಂಪೈರ್’, 1900ರಲ್ಲಿ. ಪೋರ್ಚುಗೀಸ್ ಬಾರದ ನಾವು ಓದಿರುವುದು ಸೀವೆಲ್‌ನ ಪುಸ್ತಕವನ್ನೋ, ಅದನ್ನು ಆಧರಿಸಿದ ಇನ್ಯಾವುದನ್ನೋ. ಹಾಗಿದ್ದಮೇಲೆ ಸೀವೆಲ್‌ನ ಹೆಸರು ನುಂಗಿ ನ್ಯೂನಿಜ್‌ನ ಹೆಸರು ಮಾತ್ರ ಮೆರೆಸುವುದು ಯಾವ ನ್ಯಾಯ?

‘ಸೀವೆಲ್‌ನ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ’ ಎಂದು ಕೆಲವರು ಉತ್ತರಿಸುತ್ತಾರೆ. ಮುಗಿದಿರುವುದು ನಿಜ. ನಮ್ಮ 1957ರ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಸೀವೆಲ್ ತೀರಿಕೊಂಡದ್ದು 1925ರಲ್ಲಿ. ಅವನ ಪುಸ್ತಕವನ್ನು ಇಂದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಕನ್ನಡಕ್ಕೆ ತರಬಹುದು. ಆದರೆ ಹಕ್ಕುಸ್ವಾಮ್ಯದ ಕಾನೂನು ಕೇಳುವ ಪ್ರಶ್ನೆ ಬೇರೆ, ಕೃತಿಚೌರ್ಯದ ಪ್ರಶ್ನೆ ಬೇರೆ. ಅನುಮತಿ ಬೇಕೇ ಎಂದು ಕಾನೂನು ಕೇಳುತ್ತದೆ. ಇದು ಯಾರ ಆಲೋಚನೆ ಎಂಬುದನ್ನು ಓದುಗನಿಂದ ಮುಚ್ಚಿಟ್ಟಿರಾ ಎಂಬುದು ಎರಡನೆಯ ಪ್ರಶ್ನೆ, ಅದಕ್ಕೆ ವಾಯಿದೆ ಇಲ್ಲ. ಇದರ ಇನ್ನೊಂದು ಮಗ್ಗುಲನ್ನೂ ಮರೆಯುವಂತಿಲ್ಲ. ದಕ್ಷಿಣ ಭಾರತದ ಇತಿಹಾಸ ಬರೆದ ಕೆ.ಎ. ನೀಲಕಂಠ ಶಾಸ್ತ್ರಿಗಳು ತೀರಿಕೊಂಡದ್ದು 1975ರಲ್ಲಿ. ಅವರ ಕೃತಿಗಳ ಹಕ್ಕು ಇನ್ನೂ ಉಳಿದಿದೆ. ಅನುವಾದದ ಹಕ್ಕೂ ಅದರೊಳಗೇ ಸೇರಿದ್ದು. ಅವರ ಪುಟಗಳನ್ನು ಕನ್ನಡಕ್ಕೆ ತಂದು ತಮ್ಮ ಹೆಸರಿನಲ್ಲಿ ಹಾಕಿಕೊಂಡರೆ ಎರಡೂ ತಪ್ಪು ಒಟ್ಟಿಗೆ ಆಗುತ್ತವೆ.

ಇಲ್ಲಿಂದಲೇ ನಾವು ಕನ್ನಡದವರ ವಿಶೇಷ ಕಾಯಿಲೆಗೆ ಬರಬೇಕು. ವಿಜಯನಗರದ ಬಗ್ಗೆ ಬಹಳಷ್ಟು ಬರಹ ಇಂಗ್ಲಿಷಿನಲ್ಲಿದೆ, ಒಂದಿಷ್ಟು ತೆಲುಗಿನಲ್ಲಿದೆ. ಅದನ್ನು ಕನ್ನಡದಲ್ಲಿ ಬರೆದ ಕೂಡಲೇ ‘ಇದು ನನ್ನ ಮಾತು’ ಎಂಬ ನಂಬಿಕೆ ಬಂದುಬಿಡುತ್ತದೆ. ಬೆವರು ಸುರಿಸಿದ್ದಂತೂ ಹೌದು. ಇಂಗ್ಲಿಷಿನ ಉದ್ದ ವಾಕ್ಯವನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸುವುದು ಸುಲಭದ ಕೆಲಸವಲ್ಲ, ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಅದು ಅನುವಾದಕನ ಶ್ರಮ. ಅನುವಾದಕ ಎಂದು ಹೆಸರು ಹಾಕಿಕೊಂಡರೆ ತಲೆಯೆತ್ತಿ ನಡೆಯಬಹುದಾದವರು ಲೇಖಕ ಎಂದು ಹಾಕಿಕೊಂಡು ತಪ್ಪಿತಸ್ಥರಾಗುತ್ತಾರೆ.

ಇದನ್ನು ಹಿಡಿಯುವವರೂ ಇಲ್ಲ. ವಿಶ್ವವಿದ್ಯಾಲಯಗಳು ನಂಬಿ ಕೂತಿರುವುದು ತಂತ್ರಾಂಶ ಕೊಡುವ ಶೇಕಡಾವಾರನ್ನು. ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಅಲ್ಲಿಂದ ಮುಂದೆ 40, 60 ಎಂದು ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿಗೂ ಶಿಕ್ಷೆ ಹೆಚ್ಚುತ್ತದೆ. ಇದನ್ನು ಓದಿದವರೆಲ್ಲ ‘ಹತ್ತರೊಳಗೆ ಬಂದರೆ ಶುದ್ಧ’ ಎಂದು ಅರ್ಥ ಮಾಡಿಕೊಂಡರು. ಅದೇ ನಿಯಮಾವಳಿ ಕೃತಿಚೌರ್ಯ ಎಂದರೇನು ಎಂದು ವಿವರಿಸುವಾಗ ಇನ್ನೊಬ್ಬರ ಕೃತಿಯನ್ನಷ್ಟೇ ಅಲ್ಲದೆ ಆಲೋಚನೆಯನ್ನು ತನ್ನದೆಂದು ತೋರಿಸುವುದನ್ನೂ ಸೇರಿಸಿದೆ. ಆಲೋಚನೆಯನ್ನು ಯಾವ ಶೇಕಡಾವಾರು ಅಳೆಯುತ್ತದೆ? ತಂತ್ರಾಂಶ ಹೋಲಿಸುವುದು ಪದಗಳ ಸಾಲನ್ನು. ಮೇಲಿನ ವಿದ್ಯಾರ್ಥಿಯ ಪ್ಯಾರಾವನ್ನು ಅದಕ್ಕೆ ಕೊಟ್ಟರೆ ಹೇಳಿಕೊಳ್ಳುವಂಥ ಸಾಮ್ಯವೇ ಸಿಗದು. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ್ದನ್ನು ಕೊಟ್ಟರೆ ಹೋಲಿಸಲು ಪದವೇ ಇರುವುದಿಲ್ಲ. ಸಹಜವಾಗಿ ಒಂದೇ ಥರ ಬರುವ 14 ಪದಗಳವರೆಗಿನ ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದೂ ನಿಯಮ ಹೇಳುತ್ತದೆ. ಇಂಗ್ಲಿಷಿಗೆ ಅದು ಒಂದು ಸಾಧಾರಣ ವಾಕ್ಯವಾದೀತು. ಕನ್ನಡದಲ್ಲಿ ವಿಭಕ್ತಿಯೂ ಸಹಾಯಕ ಕ್ರಿಯಾಪದವೂ ಪದದೊಳಗೇ ಸೇರಿಕೊಳ್ಳುವುದರಿಂದ 14 ಪದದಲ್ಲಿ ಇಡೀ ವಾದವೊಂದು ಮುಗಿದುಹೋಗುತ್ತದೆ.

ಅಡಿಟಿಪ್ಪಣಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಒಂದು ಮಾತು. ಅಮೆರಿಕದ ಜನಪ್ರಿಯ ಇತಿಹಾಸಕಾರ ಸ್ಟೀಫನ್ ಆಂಬ್ರೋಸ್ ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳ ಬಗ್ಗೆ ಬರೆದ ‘ದಿ ವೈಲ್ಡ್ ಬ್ಲೂ’ ಪುಸ್ತಕದಲ್ಲಿ ಥಾಮಸ್ ಚೈಲ್ಡರ್ಸ್ ಎಂಬ ಇನ್ನೊಬ್ಬ ಇತಿಹಾಸಕಾರರ ವಾಕ್ಯಗಳು ಹಾಗೇ ಬಂದಿದ್ದುದು 2002ರಲ್ಲಿ ಬಯಲಾಯಿತು. ಚೈಲ್ಡರ್ಸ್ ಹೆಸರು ಅಡಿಟಿಪ್ಪಣಿಯಲ್ಲಿತ್ತು. ಉದ್ಧರಣ ಚಿಹ್ನೆ ಇರಲಿಲ್ಲ. ಸಂಗತಿ ಎಲ್ಲಿಂದ ಬಂತೆಂದು ಅಡಿಟಿಪ್ಪಣಿ ಹೇಳಿತ್ತು, ವಾಕ್ಯ ಯಾರದೆಂದು ಹೇಳಿರಲಿಲ್ಲ. ಆಂಬ್ರೋಸ್ ಕ್ಷಮೆ ಕೇಳಬೇಕಾಯಿತು. ಪದ ಉಳಿಸಿಕೊಂಡವರು ಚಿಹ್ನೆ ಹಾಕಲಿ, ಆಲೋಚನೆ ಉಳಿಸಿಕೊಂಡವರು ಹೆಸರು ಹೇಳಲಿ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಹಾಗಾದರೆ ಪ್ರಾಮಾಣಿಕವಾಗಿ ಬರೆಯುವುದು ಹೇಗೆ? ಮೊದಲು ಆ ಪ್ಯಾರಾವನ್ನು ಬಿಡಿಸಿ ನೋಡಬೇಕು. ಪ್ರತಿ ವಾಕ್ಯದ ಎದುರಿಗೆ ಇದು ಶಾಸನ ಹೇಳಿದ್ದೋ, ಇತಿಹಾಸಕಾರರು ಹೇಳಿದ್ದೋ ಎಂದು ಗುರುತು ಹಾಕಿಕೊಳ್ಳಬೇಕು. ಅವರು ಹೇಳಿದ್ದಾದರೆ ಎಷ್ಟು ಖಚಿತವಾಗಿ ಹೇಳಿದ್ದಾರೆ ಎಂಬುದನ್ನೂ ಬರೆದುಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ ದಾನ ಶಾಸನದ್ದು. ಒಡೆತನದ ಮಾತು ಇತಿಹಾಸಕಾರರ ಊಹೆ. ಸಂಧಿ ಎಲ್ಲರೂ ಬಲ್ಲ ಸಂಗತಿ, ಆದರೆ ಅದನ್ನು ಇಲ್ಲಿ ಸಾಕ್ಷಿಯಾಗಿ ತಂದದ್ದು ಮತ್ತೆ ಅವರೇ. ಆಮೇಲೆ ಪುಸ್ತಕವನ್ನು ಪಕ್ಕಕ್ಕಿಟ್ಟು, ನನ್ನ ಲೇಖನದಲ್ಲಿ ಈ ಪ್ಯಾರಾ ಯಾಕೆ ಬೇಕು ಎಂದು ಕೇಳಿಕೊಳ್ಳಬೇಕು. ಈ ಪ್ರಶ್ನೆಗೆ ಉತ್ತರವಿಲ್ಲದವನು ಮೂಲದ ಜೋಡಣೆಯನ್ನೇ ಹಿಡಿದು ನಡೆಯುತ್ತಾನೆ, ಅವನಿಗೆ ಬೇರೆ ದಾರಿಯೇ ಇರುವುದಿಲ್ಲ. ಉತ್ತರ ಇರುವವನ ಬರಹ ಹೀಗಿರಬಹುದು; ಹೆಸರಿನ ಜಾಗದಲ್ಲಿ ‘ಇಂಥವರು’ ಎಂದಿಟ್ಟಿದ್ದೇನೆ:

‘ಕಳಿಂಗದಲ್ಲಿ ಗೆದ್ದ ನೆಲದ ಬಹುಭಾಗವನ್ನು ಕೃಷ್ಣದೇವರಾಯ ಸಂಧಿಯಲ್ಲಿ ಬಿಟ್ಟುಕೊಟ್ಟ. ಬಿಟ್ಟುಕೊಡುವುದಾಗಿದ್ದರೆ ಸಿಂಹಾಚಲದಲ್ಲಿ ಅಷ್ಟು ದೊಡ್ಡ ದಾನವೇಕೆ? ಇಂಥವರ ಊಹೆಯಂತೆ ಆ ದಾನಶಾಸನದಲ್ಲಿ ಭಕ್ತಿಯ ಜೊತೆಗೆ ಗೆಲುವಿನ ಘೋಷಣೆಯೂ ಸೇರಿರಬಹುದು. ನೆಲ ಹಿಂತಿರುಗಿಸಿದ್ದನ್ನೇ ಅವರು ಇದಕ್ಕೆ ಆಧಾರವಾಗಿ ಕೊಡುತ್ತಾರೆ. ಆದರೆ ಶಾಸನ ತಾನಾಗಿ ಹೇಳುವ ಕಾರಣ ಬೇರೆ: ಆ ಹಾರವನ್ನು ರಾಯ ಕೊಟ್ಟದ್ದು ತನ್ನ ತಾಯಿ ತಂದೆಯರಿಗೆ ಪುಣ್ಯವಾಗಲೆಂದು. 1519ರಲ್ಲಿ ಮತ್ತೆ ಇದೇ ದೇವರ ಬಳಿಗೆ ಬಂದವನ ಮನಸ್ಸಿನಲ್ಲಿ ಘೋಷಣೆಯೊಂದೇ ಇತ್ತೆನ್ನುವುದು ಕಷ್ಟ.’

ಇಲ್ಲಿ ಬರಹ ಹೊರಟದ್ದು ಸಂಧಿಯಿಂದ, ಯಾಕೆಂದರೆ ಬರೆದವನ ಪ್ರಶ್ನೆ ಅಲ್ಲಿತ್ತು. ಇತಿಹಾಸಕಾರರ ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಓದುಗನಿಗೆ ಕಾಣುತ್ತದೆ. ಪ್ಯಾರಾದ ಕೊನೆಯಲ್ಲಿ ಒಂದು ಅಂಕಿ ಹಾಕಿದ್ದರೆ ಇದು ಕಾಣುತ್ತಿರಲಿಲ್ಲ, ಕೊನೆಯ ವಾಕ್ಯವಷ್ಟೇ ಅವರದೆಂದು ಓದುಗ ತಿಳಿಯುತ್ತಿದ್ದ. ‘ಸೇರಿರಬಹುದು’ ಎಂಬ ಅನುಮಾನ ಉಳಿದಿದೆ. ಕೊನೆಯ ಎರಡು ವಾಕ್ಯಗಳಲ್ಲಿ ಬರೆದವನು ಇತಿಹಾಸಕಾರರ ಎದುರು ನಿಂತು ತನ್ನ ತಕರಾರು ಹೇಳಿದ್ದಾನೆ. ಸ್ವಂತ ಮಾತು ಎಂದರೆ ಆ ಎರಡು ವಾಕ್ಯ. ಅವರ ಹೆಸರು ಹೇಳಿದ್ದರಿಂದಲೇ ಅವನಿಗೆ ತನ್ನ ಮಾತು ಆಡಲು ಜಾಗ ಸಿಕ್ಕಿತು. ಕದ್ದವನು ತಾನು ಕದ್ದ ವಾದದೊಂದಿಗೆ ಜಗಳವಾಡಲಾರ.

ಬರೆದಾದ ಮೇಲೆ ಪುಸ್ತಕವನ್ನು ಮತ್ತೆ ತೆರೆದು ಪಕ್ಕದಲ್ಲಿಟ್ಟು ಹೋಲಿಸುವುದನ್ನು ಯಾರೂ ತಪ್ಪಿಸಬಾರದು. ಪುಸ್ತಕ ಮುಚ್ಚಿ ಬರೆದರೆ ಸಾಕು ಎನ್ನುವುದು ಇನ್ನೊಂದು ಮೂಢನಂಬಿಕೆ. ಒಳ್ಳೆಯ ಗದ್ಯ ಬರೆಯುವ ಇತಿಹಾಸಕಾರರ ನುಡಿಗಟ್ಟು ಮನಸ್ಸಿನಲ್ಲಿ ಕೂತು, ನಮ್ಮದೇ ಎಂಬಂತೆ ಮೇಲೆದ್ದು ಬರುತ್ತದೆ. ವಾಕ್ಯಗಳ ಸರದಿ ಒಂದೇ ಆಗಿದೆಯೇ, ಬೇರೆ ಯಾರಿಗೂ ಹೊಳೆಯದಂಥ ನುಡಿಗಟ್ಟು ನುಸುಳಿದೆಯೇ, ‘ಬಹುದು’ ಇದ್ದಲ್ಲಿ ‘ಆಗಿತ್ತು’ ಬಂದಿದೆಯೇ, ಇಷ್ಟು ನೋಡಿದರೆ ಸಾಕು. ನುಡಿಗಟ್ಟು ಬಿಡಲಾಗದಷ್ಟು ಚೆನ್ನಾಗಿದ್ದರೆ ಉದ್ಧರಣ ಚಿಹ್ನೆಯೊಳಗಿಟ್ಟು ಹೆಸರು ಹೇಳಿ.

‘ನಮ್ಮ ಪರಂಪರೆಯೇ ಮರುಕಥನದ್ದು, ಈ ಹೆಸರಿನ ಗೀಳು ಪಾಶ್ಚಾತ್ಯರದು’ ಎಂಬ ಮಾತನ್ನೂ ಸಭೆಗಳಲ್ಲಿ ಕೇಳಿದ್ದೇನೆ. ಇದಕ್ಕಿಂತ ದೊಡ್ಡ ಅಪಚಾರ ಕನ್ನಡ ಪರಂಪರೆಗೆ ಇನ್ನೊಂದಿಲ್ಲ. ಪಂಪ ಭಾರತವನ್ನು ಹೊಸದಾಗಿ ಕಟ್ಟುವಾಗ ವ್ಯಾಸನ ಹೆಸರನ್ನು ಕಾವ್ಯದ ಆರಂಭದಲ್ಲೇ ಹೇಳಿ ವಿನಯದಿಂದ ನಿಂತ. ಗದುಗಿನ ನಾರಣಪ್ಪನ ಕಾವ್ಯನಾಮವೇ ಕುಮಾರವ್ಯಾಸ. ಯಾರಿಂದ ಪಡೆದೆವೆಂದು ಹೇಳಿದ ಮೇಲೆ ಅವರಿಬ್ಬರೂ ಎಷ್ಟು ಸ್ವತಂತ್ರವಾಗಿ ಬರೆದರೆಂಬುದು ನಮಗೆಲ್ಲ ಗೊತ್ತು.

ಸ್ಮರಣ ಸಂಚಿಕೆಗಳ, ಪತ್ರಿಕೆಗಳ ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಇತಿಹಾಸದ ಲೇಖನ ಬಂದಾಗ ‘ಸ್ವಂತ ಬರಹ’ ಎಂಬ ದೃಢೀಕರಣ ಪತ್ರ ಕೇಳುವುದನ್ನು ಬಿಡಿ. ಅದರ ಬದಲು ಬರೆದವರು ಯಾವ ಪುಸ್ತಕದ ಯಾವ ಪುಟಗಳನ್ನು ಮುಂದಿಟ್ಟುಕೊಂಡಿದ್ದರೋ ಆ ಪುಟಗಳ ಜೆರಾಕ್ಸ್ ಪ್ರತಿಯನ್ನು ಲೇಖನದ ಜೊತೆಗೇ ಕಳುಹಿಸಲು ಹೇಳಿ, ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ. ಈ ನವೆಂಬರ್ ಸಂಚಿಕೆಯಿಂದಲೇ ಶುರು ಮಾಡಿ.